ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ ಹಾಗೆ

ತುಳಸಿ ಪೂಜೆ ಮುಗಿಯಿತೆಂದರೆ ಮುಲುಂಡಿನ ನಮ್ಮ ಮನೆಗೆ ಆಮಂತ್ರಣ ಪತ್ರಿಕೆಗಳು ಬರಲು ಶುರು. ಒಂದು ಕುರ್ಲಾದಲ್ಲಿ, ಒಂದು ಥಾಣೆಯಲ್ಲಿ, ಎರಡು ಡೊಂಬಿವಲಿಯಲ್ಲಿ, ಮತ್ತೆ ಊರಿನಲ್ಲಿ ಒಂದಾದರೂ ಇದ್ದೇ ಇರುತ್ತದೆ. ಮೊದಲೆಲ್ಲ ಪತ್ರಿಕೆ ಬಂದ ಕೂಡಲೇ ಮನೆಯಲ್ಲಿ ಕೇಳುತ್ತಿದ್ದ ಪ್ರಶ್ನೆ "ಊಟಕ್ಕೆ ಯಾರ ಅಡುಗೆ?" ಎಂಬುದು. ಈಗ ಹದಿನಾರು ವರ್ಷದ ನನ್ನ ಮಗಳು ಬೇರೆಯೇ ಪ್ರಶ್ನೆ ಕೇಳುತ್ತಾಳೆ: "ಯಾರೆಲ್ಲ ಬರ್ತಾರೆ?" ಯಾರು ಬರುತ್ತಾರೆ ಎಂದು ತಿಳಿದರೆ ತನ್ನ ಮೊಡವೆ, ಬಣ್ಣ, ತೂಕ ಈ ಮೂರರಲ್ಲಿ ಈ ಸಲ ಯಾವುದರ ಬಗ್ಗೆ ಕೇಳಿಸಿಕೊಳ್ಳಬೇಕು ಎಂಬ ಲೆಕ್ಕ ಅವಳಿಗೆ ಸಿಗುತ್ತದೆ.

ಈ ಮಾತುಗಳು ನಿಮಗೂ ಗೊತ್ತಿರುವವೇ. "ಎಂತ ಮಾರಾಯ್ತಿ, ಇಷ್ಟು ಸೊರಗಿದ್ದೀ?" "ಮುಂಬಯಿ ನೀರು ನಿನಗೆ ಚೆನ್ನಾಗಿ ಹಿಡಿದಿದೆ ಬಿಡು." "ಅಮ್ಮನ ಬಣ್ಣ ಮಗಳಿಗೆ ಬರಲಿಲ್ಲ ಅಲ್ವಾ?" "ಹೊಟ್ಟೆ ಕಾಣ್ತದೆ, ಏನಾದ್ರೂ ವಿಶೇಷ ಉಂಟಾ?" ಹೇಳಿದವರು ಅರ್ಧ ನಿಮಿಷದಲ್ಲಿ ಮರೆತು ಐಸ್‌ಕ್ರೀಮ್ ಕಡೆ ಹೋಗುತ್ತಾರೆ. ಕೇಳಿಸಿಕೊಂಡವರು ಅದನ್ನು ಲೋಕಲ್ ಟ್ರೈನಿನಲ್ಲಿ ಮನೆಯವರೆಗೂ ಹೊತ್ತುಕೊಂಡು ಬರುತ್ತಾರೆ.

ಇಂಥ ಮಾತಿಗೆ ಉತ್ತರ ಕೊಡುವುದು ಹೇಗೆ ಎನ್ನುವ ಮೊದಲು ಈ ಮಾತು ಎಲ್ಲಿಂದ ಬಂತು ಎಂದು ಸ್ವಲ್ಪ ನೋಡಬೇಕು. ಯಾಕೆಂದರೆ ನಮ್ಮ ದೊಡ್ಡಮ್ಮ, ಅತ್ತೆಯಂದಿರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕೆಲಸ ಸುಲಭವಿತ್ತು.

ನಮ್ಮ ಕರಾವಳಿಯಿಂದ ಹುಡುಗರು ಮುಂಬಯಿಗೆ ಬಂದು ಹೋಟೆಲಿನಲ್ಲಿ ಕೆಲಸ ಮಾಡಿ, ರಾತ್ರಿ ಶಾಲೆಯಲ್ಲಿ ಓದಿ ಬೆಳೆದ ಕಾಲ ನೆನಪಿಸಿಕೊಳ್ಳಿ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕಿಂತ ಮೊದಲು ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಮೈಕೈ ಮುರಿಸಿಕೊಳ್ಳುವುದೇ. ಹಲವರು ವರ್ಷಕ್ಕೊಮ್ಮೆ, ಕೆಲವರು ಎರಡು ವರ್ಷಕ್ಕೊಮ್ಮೆ ಹೋಗುತ್ತಿದ್ದರು. ಮಗ ಕಾಗದದಲ್ಲಿ "ನಾನು ಕ್ಷೇಮ" ಎಂದೇ ಬರೆಯುತ್ತಿದ್ದ, ಹಸಿದಿದ್ದರೂ ಹಾಗೆಯೇ ಬರೆಯುತ್ತಿದ್ದ. ಹಾಗಾಗಿ ಅವನು ಅಂಗಳಕ್ಕೆ ಕಾಲಿಟ್ಟಾಗ ತಾಯಿಗೆ ನಂಬಬಹುದಾದ ಕಾಗದ ಒಂದೇ, ಅವನ ಮೈ. ಕೆನ್ನೆ ಒಳಗೆ ಹೋಗಿದ್ದರೆ ಊಟ ಸರಿಯಿಲ್ಲ, ಕಣ್ಣ ಕೆಳಗೆ ಕಪ್ಪಾಗಿದ್ದರೆ ನಿದ್ರೆ ಇಲ್ಲ. "ಸೊರಗಿದ್ದೀಯಲ್ಲ ಮಗಾ" ಎಂದರೆ "ನಿನ್ನನ್ನು ಅಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲವಾ?" ಎಂದರ್ಥ. "ದಪ್ಪ ಆಗಿದ್ದೀ" ಎನ್ನುವುದಂತೂ ಹೊಗಳಿಕೆಯೇ ಆಗಿತ್ತು.

ಈಗ ದಿನಾ ವೀಡಿಯೊ ಕಾಲ್ ಇದೆ. ನಾವು ಬೆಳಿಗ್ಗೆ ಏನು ತಿಂದೆವು ಎಂಬುದು ಊರಿನಲ್ಲಿ ಹತ್ತು ಗಂಟೆಯೊಳಗೆ ಗೊತ್ತಾಗುತ್ತದೆ. ಮೈ ನೋಡಿ ಸುದ್ದಿ ಓದುವ ಅಗತ್ಯ ಹೋಯಿತು, ಆದರೆ ಓದುವ ಅಭ್ಯಾಸ ಉಳಿಯಿತು.

ಬಣ್ಣದ ಮಾತಿನ ಮೂಲ ಬೇರೆ. ಅದರಲ್ಲಿ ಕಾಳಜಿ ಕಡಿಮೆ, ಮದುವೆಯ ಮಾರುಕಟ್ಟೆ ಹೆಚ್ಚು. ಫೇರ್ ಆ್ಯಂಡ್ ಲವ್ಲಿ ಕ್ರೀಮು ನಮ್ಮ ದೇಶದ ಅಂಗಡಿಗೆ ಬಂದದ್ದು 1975ರಲ್ಲಿ. ಅಂದರೆ ಇಂದು ಅರವತ್ತು ದಾಟಿದ ನಮ್ಮ ಅತ್ತೆಯಂದಿರು ಹರೆಯದಲ್ಲಿದ್ದಾಗ. "ಗೋಧಿ ಬಣ್ಣ" ಎಂಬ ಪದ ವಧೂವರರ ಜಾಹೀರಾತಿನಲ್ಲಿ ಓದಿಕೊಂಡೇ ಅವರು ಬೆಳೆದರು. 2020ರಲ್ಲಿ ಆ ಕ್ರೀಮು ತನ್ನ ಹೆಸರಿನಿಂದ "ಫೇರ್" ತೆಗೆದು "ಗ್ಲೋ" ಹಾಕಿಕೊಂಡಿತು. ಅದೇ ವರ್ಷ ದೊಡ್ಡದೊಂದು ವಿವಾಹ ಜಾಲತಾಣ, ಹುಡುಗ ಹುಡುಗಿಯರನ್ನು ಚರ್ಮದ ಬಣ್ಣ ನೋಡಿ ಸೋಸುವ ಸೌಲಭ್ಯವನ್ನು ತೆಗೆದುಹಾಕಿತು. ಆದರೆ ಮದುವೆ ಮಂಟಪದ ಮೊದಲ ಸಾಲಿನಲ್ಲಿ ಕುಳಿತವರ ಕಣ್ಣಿನಲ್ಲಿ ಆ ಸೌಲಭ್ಯ ಇನ್ನೂ ಕೆಲಸ ಮಾಡುತ್ತಿದೆ.

ಹೀಗಾಗಿ ಒಂದೇ ತರಹ ಕೇಳಿಸುವ ಮಾತುಗಳಿಗೆ ಒಂದೇ ಉತ್ತರ ಸಾಲುವುದಿಲ್ಲ. ಕಾಳಜಿಯಿಂದ ಬಂದದ್ದಕ್ಕೆ ಕಾಳಜಿಯನ್ನು ಒಪ್ಪಿಕೊಂಡು ವರದಿಯನ್ನು ಮಾತ್ರ ಕೊಡದೆ ಇರಬೇಕು. ಹೋಲಿಕೆ ಮಾಡುವ ಮಾತನ್ನು ಅಲ್ಲಿಯೇ ನಿಲ್ಲಿಸಬೇಕು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ನನ್ನ ತಂಗಿ ಮಾಡಿ ತೋರಿಸಿದ್ದನ್ನು ನೋಡಿ ಹೇಳುತ್ತಿದ್ದೇನೆ.

ತಂಗಿಗೆ ಹೆರಿಗೆಯಾಗಿ ನಾಲ್ಕು ತಿಂಗಳಾಗಿತ್ತು. ಗಂಡನ ಮನೆ ಕಡೆಯ ಒಂದು ನಿಶ್ಚಿತಾರ್ಥಕ್ಕೆ ಮಗುವನ್ನು ಕರೆದುಕೊಂಡು ಹೋಗಿದ್ದಳು. ಅಲ್ಲಿ ಅವಳ ಗಂಡನ ದೊಡ್ಡಮ್ಮ, ಅವಳು ದೊಡ್ಡತ್ತೆ ಎಂದು ಕರೆಯುವವರು, ಹತ್ತು ಜನರ ಮಧ್ಯೆ ಅವಳ ಜಡೆ ಹಿಡಿದು ನೋಡಿ, "ಇದೆಂತ, ಇಲಿ ಬಾಲ ಆಗಿದೆ! ಮೊದಲು ಹಿಡಿದರೆ ಕೈ ತುಂಬ್ತಿತ್ತು" ಎಂದರು. ಹಿಂದೆಯೇ "ಹೊಟ್ಟೆಯೂ ಇಳಿದಿಲ್ಲ, ಬಟ್ಟೆ ಕಟ್ಟಿಕೊಳ್ಳಲಿಲ್ವಾ ಬಾಣಂತನದಲ್ಲಿ?" ಎಂದೂ ಕೇಳಿದರು.

ತಂಗಿ ಓದಿದವಳು, ವಿವರಿಸಲು ಹೊರಟಳು. ಅವಳು ಹೇಳಿದ್ದು ಸರಿಯೇ ಇತ್ತು. ಬಸುರಿಯಾಗಿದ್ದಾಗ ಹಾರ್ಮೋನಿನ ಕಾರಣದಿಂದ ಕೂದಲು ಉದುರುವುದು ಕಡಿಮೆ, ಹಾಗಾಗಿ ದಟ್ಟವಾಗಿ ಕಾಣುತ್ತದೆ. ಹೆರಿಗೆಯಾದ ಮೇಲೆ ಆ ಹಾರ್ಮೋನು ಇಳಿಯುತ್ತದೆ, ಉದುರದೆ ನಿಂತಿದ್ದ ಕೂದಲೆಲ್ಲ ಎರಡು ಮೂರು ತಿಂಗಳು ಬಿಟ್ಟು ಒಟ್ಟಿಗೆ ಉದುರುತ್ತದೆ. ಬಾಚಣಿಗೆ ತುಂಬ ಕೂದಲು ಬರುವುದು ನೋಡಿ ಹೆದರಿಕೆಯಾದರೂ ಹೆಚ್ಚಿನವರಿಗೆ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಮೊದಲಿನಂತಾಗುತ್ತದೆ. ಆಗದಿದ್ದರೆ ಥೈರಾಯ್ಡ್, ರಕ್ತಹೀನತೆ ಏನಾದರೂ ಇದೆಯಾ ಎಂದು ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಬೇಕು.

ಆದರೆ ಈ ವಿವರಣೆಯಿಂದ ಆದದ್ದೇನು? "ಹಾರ್ಮೋನು" ಎಂಬ ಶಬ್ದ ಕೇಳಿದ ಕೂಡಲೇ ಪಕ್ಕದವರು "ಹಾಗಾದರೆ ಥೈರಾಯ್ಡ್ ಇರಬೇಕು, ನನ್ನ ಸೊಸೆಗೂ ಹಾಗೇ" ಎಂದರು. ಇನ್ನೊಬ್ಬರು ಒಂದು ಎಣ್ಣೆ ಹೇಳಿದರು. ಮತ್ತೊಬ್ಬರು ಮಗುವಿಗೆ ಹಾಲು ಸಾಲುತ್ತದಾ ಎಂದು ಕೇಳಿದರು. ಜಡೆಯಿಂದ ಶುರುವಾದದ್ದು ಎದೆಹಾಲಿನವರೆಗೆ ಹೋಯಿತು. ತಂಗಿ ಮಗುವಿಗೆ ನಿದ್ದೆ ಬಂತು ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇದರಲ್ಲಿ ಕಲಿಯುವುದಿದೆ. ಕಾರಣ ಹೇಳಿದ ಕೂಡಲೇ ಆ ವಿಷಯ ಚರ್ಚೆಗೆ ಬರುತ್ತದೆ. ನಾವು ಕಾರಣ ಕೊಟ್ಟೆವೆಂದರೆ ಎದುರಿನವರಿಗೆ ಅದನ್ನು ತೂಗಿ ನೋಡುವ, ಪರಿಹಾರ ಹೇಳುವ ಹಕ್ಕು ಕೊಟ್ಟ ಹಾಗೆ. ನಕ್ಕು ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ. "ನೀವೂ ಏನು ಕಡಿಮೆ ಇದ್ದೀರಾ ದೊಡ್ಡತ್ತೆ?" ಎಂದು ತಿರುಗಿಸಿ ಹೇಳಿದರೆ ಆ ಕ್ಷಣಕ್ಕೆ ಚಪ್ಪಾಳೆ ಸಿಗಬಹುದು, ಆದರೆ ಮರುದಿನದ ಸುದ್ದಿ "ಸೊಸೆಗೆ ಸೊಕ್ಕು" ಎಂಬುದೇ ಆಗಿರುತ್ತದೆ, ಮೊದಲು ಯಾರು ಏನು ಹೇಳಿದರು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಅದೇ ಜೋಡಿಯ ಮದುವೆ ಐದು ವಾರ ಬಿಟ್ಟು ಇತ್ತು, ಮುಲುಂಡಿನಲ್ಲಿಯೇ. ಈ ಸಲ ತಂಗಿ ಮೊದಲೇ ತಯಾರಿ ಮಾಡಿಕೊಂಡಳು. ಮೊದಲ ಕೆಲಸ ಮಾಡಿದ್ದು ಅವಳಲ್ಲ, ಅವಳ ಗಂಡ. ಯಾರ ಕಡೆಯ ನೆಂಟರೋ ಅವರ ಜೊತೆ ಆ ಕಡೆಯವರೇ ಮಾತಾಡಬೇಕು, ಇದು ಇಡೀ ವಿಷಯದಲ್ಲಿ ಬಹಳ ಮುಖ್ಯ. ಸೊಸೆ ಹೇಳಿದರೆ ಅದು ಎದುರುತ್ತರವಾಗುತ್ತದೆ, ಮಗ ಹೇಳಿದರೆ ಮನೆಯ ಮಾತಾಗುತ್ತದೆ. ಅವನು ಮದುವೆಗೆ ಮೂರು ದಿನ ಇರುವಾಗ ದೊಡ್ಡಮ್ಮನಿಗೆ ಫೋನ್ ಮಾಡಿದ. ಮೆಸೇಜು ಕಳಿಸಲಿಲ್ಲ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಂತೂ ಬರೆಯಲೇ ಇಲ್ಲ. ಬರೆದ ಮಾತಿಗೆ ದನಿ ಇರುವುದಿಲ್ಲ, ಓದಿದವರು ತಮಗೆ ಬೇಕಾದ ದನಿ ಹಾಕಿಕೊಳ್ಳುತ್ತಾರೆ.

ಅವನು ಹೇಳಿದ್ದು ಇಷ್ಟು: "ದೊಡ್ಡಮ್ಮ, ಇವಳ ಕೂದಲು ನೋಡಿ ನಿಮಗೆ ಚಿಂತೆಯಾಗಿದೆ ಅಂತ ಗೊತ್ತು. ಡಾಕ್ಟರಿಗೆ ತೋರಿಸಿದ್ದೇವೆ. ಮದುವೆ ದಿನ ಮಾತ್ರ ಅವಳ ಕೂದಲು, ಹೊಟ್ಟೆ ವಿಷಯ ಬೇಡ. ಕೇಳುವುದಿದ್ದರೆ ನನಗೇ ಫೋನ್ ಮಾಡಿ."

"ನಾನೇನು ಕೆಟ್ಟದಕ್ಕೆ ಹೇಳಿದ್ದಾ?" ಎಂದರು ಅವರು.

"ಅಲ್ಲ ದೊಡ್ಡಮ್ಮ, ಅದಕ್ಕೇ ನಿಮಗೇ ಮಾಡಿದ್ದು" ಎಂದು ಹೇಳಿ, ಅವರು ಊರಿನಿಂದ ಬರುವ ಟ್ರೈನು ಥಾಣೆಗೆ ಎಷ್ಟು ಗಂಟೆಗೆ, ತಾನು ಸ್ಟೇಷನ್ನಿಗೆ ಬರಲಾ ಎಂದು ಕೇಳಿದ. ಒಟ್ಟು ಮಾತು ಎರಡು ನಿಮಿಷ. ಅದರಲ್ಲಿ ಬೇಡ ಎನ್ನುವುದಕ್ಕೆ ಹತ್ತು ಸೆಕೆಂಡು, ಉಳಿದದ್ದೆಲ್ಲ ಅವರು ನಮ್ಮವರು ಎಂದು ತೋರಿಸುವುದಕ್ಕೆ.

ಮದುವೆಯ ದಿನ ದೊಡ್ಡತ್ತೆ ಅರ್ಧ ಗಂಟೆ ತಡೆದುಕೊಂಡರು. ಆಮೇಲೆ ಅಭ್ಯಾಸ ಬಲ, "ಎಣ್ಣೆಯಾದರೂ ಹಚ್ಚುತ್ತೀಯೋ ಇಲ್ವೋ?" ಎಂದು ಶುರುಮಾಡಿದರು. ತಂಗಿ ಹೇಳಿದ್ದು: "ಆ ವಿಷಯ ಇವತ್ತು ಬೇಡ ದೊಡ್ಡತ್ತೆ. ಮಗುವನ್ನು ಸ್ವಲ್ಪ ಹಿಡ್ಕೊಳ್ತೀರಾ? ಬೆಳಗ್ಗಿಂದ ನನಗೆ ಸೀರೆ ಸರಿ ಮಾಡಲಿಕ್ಕೂ ಆಗಲಿಲ್ಲ."

ಈ ಎರಡು ಮಾತನ್ನು ಬಿಡಿಸಿ ನೋಡೋಣ, ಇದರಲ್ಲಿ ನಮ್ಮ ಭಾಷೆಯ ಒಂದು ಸೌಕರ್ಯ ಇದೆ. "ಹಾಗೆ ಮಾತಾಡಬೇಡಿ" ಎಂದರೆ ಹಿರಿಯರಿಗೆ ಕೊಟ್ಟ ಅಪ್ಪಣೆಯಾಗುತ್ತದೆ, "ಬೇಡಿ" ಎನ್ನುವುದು ನೇರ ಅವರಿಗೇ ತಾಗುತ್ತದೆ. "ದಯವಿಟ್ಟು" ಸೇರಿಸಿದರೆ ಇನ್ನೂ ಹಾಳು, ಮನೆಯೊಳಗೆ ಆ ಶಬ್ದ ಬ್ಯಾಂಕಿನ ನೋಟೀಸಿನ ಹಾಗೆ ಕೇಳುತ್ತದೆ. "ಆ ವಿಷಯ ಬೇಡ" ಎಂಬಲ್ಲಿ ತಾಗುವುದು ವಿಷಯಕ್ಕೆ, ವ್ಯಕ್ತಿಗೆ ಅಲ್ಲ. "ಇವತ್ತು" ಸೇರಿಸಿದರೆ ಬಾಗಿಲು ಪೂರ್ತಿ ಮುಚ್ಚಿದ ಹಾಗೆಯೂ ಆಗುವುದಿಲ್ಲ. ಕೊನೆಯಲ್ಲಿ "ದೊಡ್ಡತ್ತೆ" ಎಂದು ಕರೆದದ್ದರಿಂದ ಅವರ ಸ್ಥಾನ ಅವರಿಗೆ ಉಳಿಯಿತು. ಹಿಂದೆಯೇ ಅವರ ಕೈಗೆ ಒಂದು ಕೆಲಸ ಬಂತು. ಎಷ್ಟೋ ಸಲ ಹಿರಿಯರು ಮೈ ಬಗ್ಗೆ ಮಾತಾಡುವುದು ಬೇರೆ ಮಾತು ತೋಚದೆ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳ ಓದು, ಉದ್ಯೋಗ ಅವರಿಗೆ ಅರ್ಥವಾಗುವುದಿಲ್ಲ, ಕಣ್ಣಿಗೆ ಕಾಣುವುದು ಮೈ ಒಂದೇ. ಮಾವಿನ ಮಿಡಿ ಈ ವರ್ಷ ಎಷ್ಟು ಹಾಕಿದಿರಿ, ಮನೆಯ ಮಾಡು ರಿಪೇರಿ ಮುಗಿಯಿತಾ ಎಂದು ಕೇಳಿದರೆ ಅವರಿಗೂ ನೆಮ್ಮದಿ.

ಇದು ಹೊಸದೇನೂ ಅಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಪಾಯಸದ ಪಾತ್ರೆ ಎರಡನೇ ಸಲ ಬಂದರೆ ನಾವು ಏನು ಮಾಡುತ್ತೇವೆ? ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎನ್ನುತ್ತೇವೆ. ನನಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಇಡ್ಲಿ ಜಾಸ್ತಿ ಆಯಿತು ಎಂದೆಲ್ಲ ವಿವರಿಸುವುದಿಲ್ಲ. ವಿವರಿಸಿದರೆ "ಒಂದು ಸೌಟಿಗೆ ಏನಾಗ್ತದೆ" ಎಂದು ಸುರಿದೇ ಬಿಡುತ್ತಾರೆ. ಬಡಿಸುವವರು ಒತ್ತಾಯ ಮಾಡಿದರೆ ಮತ್ತೆ "ಸಾಕು", ಅದೇ ಶಬ್ದ, ಅದೇ ನಗುಮುಖ, ಕೈ ಮಾತ್ರ ತೆಗೆಯುವುದಿಲ್ಲ. ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಮಾತಿಗೂ ಇದೇ ಕ್ರಮ. ಎರಡನೇ ಸಲ ಕೇಳಿದರೆ ಹೊಸ ಉತ್ತರ ಹುಡುಕಬೇಡಿ. ಉತ್ತರ ಬದಲಾದರೆ ಇನ್ನೂ ಜಾಗ ಇದೆ ಎಂದು ತಿಳಿಯುತ್ತಾರೆ. ಅದೇ ಮಾತು, ಅದೇ ದನಿ. ಮೂರನೇ ಸಲವೂ ಬಂದರೆ ಎದ್ದು ಹೋಗಲು ಮದುವೆ ಮನೆಯಲ್ಲಿ ನೆವಕ್ಕೇನು ಬರ? "ಅಮ್ಮ ಕರೀತಿದ್ದಾರೆ, ಬಂದೆ" ಎಂದರೆ ಮುಗಿಯಿತು.

ತಂಗಿಯ ವಿಷಯಕ್ಕೆ ಬಂದರೆ, ದೊಡ್ಡತ್ತೆ ಮಗುವನ್ನು ಎತ್ತಿಕೊಂಡರು. "ಈಗಿನವರಿಗೆ ಏನೂ ಹೇಳುವ ಹಾಗಿಲ್ಲಪ್ಪ" ಎಂದು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು. ಹೇಳಿಕೊಳ್ಳಲಿ. ಅಷ್ಟು ಗೊಣಗುವ ಹಕ್ಕು ಅವರಿಗೆ ಬಿಡಬೇಕು, ಇಲ್ಲದಿದ್ದರೆ ಅವರು ಸೋತ ಹಾಗಾಗುತ್ತದೆ. ನಾವು ನೋಡಬೇಕಾದದ್ದು ಅವರ ಮನಸ್ಸು ಬದಲಾಯಿತೇ ಎಂದಲ್ಲ, ಮಾತು ಮುಂದುವರಿಯಿತೇ ಎಂದು. ಮುಂದುವರಿಯಲಿಲ್ಲ. ಮಗು ಅರ್ಧ ಗಂಟೆ ಅವರ ಮಡಿಲಲ್ಲೇ ನಿದ್ದೆ ಮಾಡಿತು. ಪಕ್ಕದವರೊಬ್ಬರು ಕೂದಲ ವಿಷಯ ಎತ್ತಿದಾಗ, "ಡಾಕ್ಟರಿಗೆ ತೋರಿಸಿದ್ದಾರೆ, ಬಿಡಿ" ಎಂದು ಅವರೇ ಹೇಳಿದರು. ಫೋನಿನಲ್ಲಿ ಹೇಳಿದ ಮಾತು ಅಲ್ಲಿ ಕೆಲಸಕ್ಕೆ ಬಂತು.

ಮಕ್ಕಳ ವಿಷಯದಲ್ಲಿ ಈ ಕ್ರಮ ಸಾಲದು. ಹತ್ತು, ಹದಿನೈದು ವರ್ಷದವರಿಗೆ ಹಿರಿಯರೆದುರು "ಬೇಡ" ಎನ್ನುವುದು ಕಷ್ಟ, ಹೇಳಿದರೆ ಬೈಸಿಕೊಳ್ಳುವುದೂ ಅವರೇ. ಅಲ್ಲಿ ತಂದೆಯೋ ತಾಯಿಯೋ ಬಾಯಿ ತೆರೆಯಬೇಕು, ಅದೂ ಮಗುವಿಗೆ ಕೇಳಿಸುವ ಹಾಗೆ. ನನ್ನ ಮಗಳ ಬಣ್ಣವನ್ನು ಒಬ್ಬರು ನನ್ನ ಬಣ್ಣಕ್ಕೆ ಹೋಲಿಸಿದಾಗ ನಾನು ಹೇಳಿದ್ದು, "ಅವಳ ಎದುರಿಗೆ ಬಣ್ಣದ ಮಾತು ಬೇಡ ಅತ್ತೆ, ನಮ್ಮ ಮನೆಯಲ್ಲಿ ಆ ಲೆಕ್ಕ ಇಲ್ಲ" ಎಂದು. ಇಲ್ಲಿ ನೆವ, ತಮಾಷೆ, ಬೇರೆ ಮಾತಿಗೆ ಹೊರಳುವುದು ಯಾವುದೂ ಬೇಡ. ಇದು ಕಾಳಜಿಯ ಮಾತಲ್ಲ, ಹೋಲಿಕೆಯ ಮಾತು. ಇಂಥಲ್ಲಿ ನಮ್ಮ ಬಾಯಿಗೆ ಬೇಗ ಬರುವ ಮಾತು "ಬಿಸಿಲಿಗೆ ಆಡ್ತಾಳೆ, ಅದಕ್ಕೇ ಕಪ್ಪಾಗಿದ್ದಾಳೆ" ಎಂಬುದು. ಅದು ಮಗಳ ಪರ ಹೇಳಿದ ಹಾಗೆ ಕೇಳಿದರೂ, ಕಪ್ಪು ಎನ್ನುವುದು ಕಾರಣ ಕೊಡಬೇಕಾದ ತಪ್ಪು ಎಂದು ಮಗುವಿಗೆ ಕಲಿಸುತ್ತದೆ.

ಇನ್ನು "ವಿಶೇಷ ಉಂಟಾ?" ಎಂಬ ಪ್ರಶ್ನೆ. ಮದುವೆಯಾಗಿ ಮಕ್ಕಳಿಗಾಗಿ ಚಿಕಿತ್ಸೆ ಪಡೆಯುತ್ತಿರುವವರು, ಗರ್ಭ ನಿಲ್ಲದೆ ಹೋದವರು ಪ್ರತಿ ಮದುವೆಯಲ್ಲಿಯೂ ಇರುತ್ತಾರೆ, ನಮಗೆ ಗೊತ್ತಿರುವುದಿಲ್ಲ. ಅವರಿಗೆ ಒಂದೇ ಮಾತು ಸಾಕು: "ಇದ್ದರೆ ನಾವೇ ಹೇಳ್ತೇವೆ." ಪಕ್ಕದಲ್ಲಿರುವವರು ಮಾಡಬಹುದಾದದ್ದು ಅದಕ್ಕಿಂತ ದೊಡ್ಡದು. ಆ ಕ್ಷಣದಲ್ಲಿ "ಬಾ, ಸ್ಟೇಜಿಗೆ ಹೋಗಿ ಫೋಟೋ ತೆಗೆಸಿಕೊಳ್ಳೋಣ" ಎಂದು ಕೈಹಿಡಿದು ಕರೆದುಕೊಂಡು ಹೋದರೆ ಆಯಿತು.

ಇದಕ್ಕೆಲ್ಲ ಮಿತಿ ಇದೆ. ಎಲ್ಲ ಮನೆಯಲ್ಲಿಯೂ ಗಂಡ ಫೋನ್ ಮಾಡುವುದಿಲ್ಲ. ಕೆಲವು ಹಿರಿಯರು ಬೇಡ ಎಂದಷ್ಟೂ ಹೆಚ್ಚು ಹೇಳುತ್ತಾರೆ. ಅಂಥವರ ಮನೆಗೆ ಹೋಗದೆ ಇರಲು ಆಗದಿದ್ದರೂ ಎಷ್ಟು ಹೊತ್ತು ಇರಬೇಕು, ಯಾರ ಪಕ್ಕ ಕೂರಬೇಕು ಎಂಬುದು ನಮ್ಮ ಕೈಯಲ್ಲಿದೆ. ಧಾರೆಯ ಹೊತ್ತಿಗೆ ಹೋಗಿ, ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲಿ ಊಟ ಮಾಡಿ ಬಂದರೆ ಮರ್ಯಾದೆಗೂ ಕೊರತೆಯಿಲ್ಲ.

ಹಾಗೆಯೇ, ನಿಜವಾಗಿ ಹೇಳಲೇಬೇಕಾದ ಸಂದರ್ಭವೂ ಇದೆ. ಆರು ತಿಂಗಳಲ್ಲಿ ಕಾರಣವಿಲ್ಲದೆ ತೀರಾ ತೂಕ ಇಳಿದ ತಮ್ಮನನ್ನು ನೋಡಿ ಸುಮ್ಮನಿರಬೇಕು ಎಂದು ನಾನು ಹೇಳುವುದಿಲ್ಲ. ಆದರೆ ನಿಜವಾದ ಕಾಳಜಿಗೆ ಹತ್ತು ಜನರ ಸಭೆ ಬೇಕಾಗುವುದಿಲ್ಲ. ಮರುದಿನ ಫೋನ್ ಮಾಡಿ, "ಆರೋಗ್ಯ ಹೇಗಿದೆ, ಡಾಕ್ಟರ ಹತ್ತಿರ ನಾನೂ ಜೊತೆಗೆ ಬರಲಾ?" ಎಂದು ಕೇಳಿದರೆ ಸಾಕು. ಮಂಟಪದಲ್ಲಿ ಎಲ್ಲರೆದುರು ಹೇಳಿ, ಮರುದಿನ ಫೋನ್ ಮಾಡದೆ ಇದ್ದರೆ ಅದು ಕಾಳಜಿಯಲ್ಲ ಎಂದು ಹೇಳಿದವರಿಗೂ ಗೊತ್ತಾಗಬೇಕು.

ನಾವೂ ಈಗ ನಲವತ್ತು, ಐವತ್ತರ ಮೇಲಿನವರು. ಈ ಸೀಸನ್ನಿನ ಮದುವೆಗಳಲ್ಲಿ ಯಾರದೋ ಮಗಳಿಗೆ ನಾವೇ ಅತ್ತೆ, ದೊಡ್ಡಮ್ಮ. ವರ್ಷ ಬಿಟ್ಟು ನೋಡಿದ ಹುಡುಗಿ ಎದುರು ಬಂದಾಗ ಬಾಯಿಗೆ ಮೊದಲು ಬರುವುದು ಅವಳ ಮೈಯ ಸುದ್ದಿಯೇ. ಅದನ್ನು ಒಳಗೇ ಇಟ್ಟುಕೊಂಡು "ಬಂದದ್ದು ಖುಷಿಯಾಯ್ತು ಮಗಾ, ಈಗ ಎಂತ ಓದ್ತಿದ್ದೀ?" ಎಂದು ಕೇಳಿ ನೋಡಿ. ಅವಳು ಹೇಳಿದ ಕೋರ್ಸಿನ ಹೆಸರು ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಿ. ಅವಳೇ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಹೇಳುತ್ತಾಳೆ.